ಪಿಕ್ಸೆಲ್ ಎಣಿಕೆಯಿಂದ ವಿಸ್ತೀರ್ಣ ಮಾಪನ

ಯಾವ ಸೂತ್ರಕ್ಕೂ ಸಿಗದ ಅಂಕುಡೊಂಕಾದ ಆಕೃತಿಯ ವಿಸ್ತೀರ್ಣವನ್ನು ಅದರ ಚಿತ್ರದಿಂದಲೇ ಕಂಡುಹಿಡಿಯುವ ಕ್ರಮವಿದು. ಚಿತ್ರದ ಒಂದೊಂದು ಪಿಕ್ಸೆಲ್ಲೂ ಆಕೃತಿಗೆ ಸೇರಿದ್ದೋ ಹಿನ್ನೆಲೆಗೆ ಸೇರಿದ್ದೋ ಎಂದು ಹೊಳಪಿನ ಆಧಾರದಿಂದ ತೀರ್ಮಾನಿಸುತ್ತಾರೆ. ಹಾಗೆ ಬೇರ್ಪಡಿಸುವ ಗಡಿಬೆಲೆಗೆ ಥ್ರೆಶೋಲ್ಡ್ ಎಂದು ಹೆಸರು. ಆಕೃತಿಗೆ ಸೇರಿದ ಪಿಕ್ಸೆಲ್‌ಗಳನ್ನು ಎಣಿಸಿ, ಒಂದು ಪಿಕ್ಸೆಲ್ ನಿಜದಲ್ಲಿ ಎಷ್ಟು ಚದರ ಮಿಲಿಮೀಟರ್ ಎಂಬ ಸಂಖ್ಯೆಯಿಂದ ಗುಣಿಸಿದರೆ ವಿಸ್ತೀರ್ಣ ಸಿಗುತ್ತದೆ. ಎಲೆ, ಗಾಯದ ಗುರುತು, ಚರ್ಮದ ತುಂಡು, ನಕ್ಷೆಯಲ್ಲಿನ ಕೆರೆ, ಸೂಕ್ಷ್ಮದರ್ಶಕದ ಕೆಳಗಿನ ಜೀವಕೋಶ ಎಲ್ಲಕ್ಕೂ ಇದು ಒಗ್ಗುತ್ತದೆ. ಇದನ್ನು ಮಾಡಲು ಹೆಚ್ಚು ಬಳಕೆಯಲ್ಲಿರುವ ತಂತ್ರಾಂಶ ಸಂಗ್ರಹ ಓಪನ್‌ಸಿವಿ. 1999ರಲ್ಲಿ ಇಂಟೆಲ್ ಕಂಪನಿಯಲ್ಲಿ ಗ್ಯಾರಿ ಬ್ರಾಡ್‌ಸ್ಕಿ ಆರಂಭಿಸಿದ ಈ ಸಂಗ್ರಹ ಈಗ ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶ.

ವಿಧಾನ ನೋಡಲು ಸರಳ. ಎಣಿಕೆಯಲ್ಲಿ ಕಂಪ್ಯೂಟರ್ ತಪ್ಪುವುದೇ ಇಲ್ಲ. ತಪ್ಪು ನುಸುಳುವುದು ಮುಖ್ಯವಾಗಿ ಎರಡು ಕಡೆ: ಆಕೃತಿಯ ಅಂಚು ಎಲ್ಲಿದೆ ಎಂಬ ತೀರ್ಮಾನದಲ್ಲಿ, ಪಿಕ್ಸೆಲ್ಲಿನ ನಿಜವಾದ ಗಾತ್ರದಲ್ಲಿ. ಇವೆರಡೂ ಬೇರೆ ಬೇರೆ ಬಗೆಯ ತಪ್ಪುಗಳು, ಬೇರೆ ಬೇರೆ ರೀತಿಯಲ್ಲಿ ಬೆಳೆಯುತ್ತವೆ. ಅವನ್ನು ಬಿಡಿಸಿ ನೋಡುವುದೇ ಈ ಮಾಪನದ ತಿರುಳು. ಈ ಲೇಖನ ಅದನ್ನು ಒಂದೇ ಉದಾಹರಣೆಯ ಮೂಲಕ ನೋಡುತ್ತದೆ: ಸ್ಕ್ಯಾನರ್ ಗಾಜಿನ ಮೇಲಿಟ್ಟ ಒಂದು ಹಿಪ್ಪುನೇರಳೆ ಎಲೆ.

ಎಲೆಯ ವಿಸ್ತೀರ್ಣ ಮತ್ತು ಹಳೆಯ ಕ್ರಮಗಳು

ಗಿಡ ಎಷ್ಟು ಬಿಸಿಲು ಹಿಡಿಯುತ್ತದೆ, ಎಷ್ಟು ನೀರು ಬಿಡುತ್ತದೆ ಎಂಬ ಲೆಕ್ಕಕ್ಕೆಲ್ಲ ಎಲೆಯ ವಿಸ್ತೀರ್ಣ ಬೇಕು. ನೆಲದ ಒಂದು ಚದರ ಮೀಟರಿಗೆ ಎಷ್ಟು ಚದರ ಮೀಟರ್ ಎಲೆ ಇದೆ ಎಂಬ ಸೂಚ್ಯಂಕವನ್ನು ಡಿ. ಜೆ. ವಾಟ್ಸನ್ 1947ರಲ್ಲಿ ಬಳಕೆಗೆ ತಂದರು. ಅಂದಿನಿಂದ ಅದು ಬೆಳೆ ಸಂಶೋಧನೆಯ ಮೂಲ ಅಳತೆಗಳಲ್ಲಿ ಒಂದು. ರೇಷ್ಮೆ ಕೃಷಿಯಲ್ಲಂತೂ ಎಲೆಯೇ ಫಸಲು. ಹಿಪ್ಪುನೇರಳೆಯ ಹೊಸ ತಳಿಯನ್ನು ತೂಗಿನೋಡುವಾಗ ಸೊಪ್ಪಿನ ತೂಕದ ಜೊತೆಗೆ ಎಲೆಯ ವಿಸ್ತೀರ್ಣವನ್ನೂ ನೋಡುತ್ತಾರೆ.

ಎಲೆಯ ಉದ್ದ, ಅಗಲ ಅಳೆದು ಒಂದು ಗುಣಾಂಕದಿಂದ ಗುಣಿಸುವುದು ಹೊಲದಲ್ಲಿ ಇಂದಿಗೂ ನಡೆಯುವ ಕ್ರಮ. ಮೆಕ್ಕೆಜೋಳದ ಎಲೆಗೆ 0.75 ಎಂಬ ಗುಣಾಂಕವನ್ನು ಮಾಂಟ್ಗೊಮರಿ 1911ರಲ್ಲೇ ಕೊಟ್ಟಿದ್ದರು. ಮೆಕ್ಕೆಜೋಳದ ಎಲೆ ಒಂದರಂತೆ ಇನ್ನೊಂದಿರುವುದರಿಂದ ಅಲ್ಲಿ ಅದು ಸಾಕು. ಹಿಪ್ಪುನೇರಳೆಯಲ್ಲಿ ಒಂದೇ ಗಿಡದಲ್ಲಿ ಹೃದಯಾಕಾರದ ಇಡೀ ಎಲೆಯೂ ಇರಬಹುದು, ಆಳವಾಗಿ ಸೀಳಿದ ಎಲೆಯೂ ಇರಬಹುದು. ಉದ್ದ ಅಗಲ ಒಂದೇ ಆಗಿದ್ದರೂ ವಿಸ್ತೀರ್ಣ ಬೇರೆ, ಆದ್ದರಿಂದ ಒಂದು ಗುಣಾಂಕ ಎರಡಕ್ಕೂ ಹೊಂದುವುದಿಲ್ಲ. ಎಲೆಯನ್ನು ಗ್ರಾಫ್ ಹಾಳೆಯ ಮೇಲಿಟ್ಟು ಗೆರೆ ಎಳೆದು, ಅರ್ಧಕ್ಕಿಂತ ಹೆಚ್ಚು ತುಂಬಿದ ಚೌಕಗಳನ್ನು ಎಣಿಸಿ, ಉಳಿದವನ್ನು ಬಿಡುವ ಶಾಲೆಯ ವಿಧಾನ ಎಲ್ಲರಿಗೂ ಗೊತ್ತು. ಯಾಕೋಬ್ ಆಮ್ಸ್ಲರ್ 1854ರಲ್ಲಿ ರೂಪಿಸಿದ ಪ್ಲಾನಿಮೀಟರ್, ಅಂಚಿನ ಮೇಲೆ ಮೊನೆಯನ್ನು ಒಂದು ಸುತ್ತು ಹಾಯಿಸಿದರೆ ವಿಸ್ತೀರ್ಣ ತೋರಿಸುವ ಯಂತ್ರ. ನಕ್ಷೆಯ ಕೆಲಸದಲ್ಲಿ ಅದು ನೂರು ವರ್ಷಕ್ಕೂ ಹೆಚ್ಚು ಕಾಲ ಬಾಳಿತು.

ಪಿಕ್ಸೆಲ್ ಎಣಿಕೆ ತತ್ತ್ವದಲ್ಲಿ ಗ್ರಾಫ್ ಹಾಳೆಯ ವಿಧಾನವೇ. ಚೌಕದ ಬದಿ ಒಂದು ಮಿಲಿಮೀಟರಿನಿಂದ ಅದರ ಹನ್ನೆರಡನೆಯ ಒಂದು ಭಾಗಕ್ಕೆ ಇಳಿದಿದೆ. ಅರ್ಧಕ್ಕಿಂತ ಹೆಚ್ಚು ತುಂಬಿದೆಯೇ ಎಂಬ ಕಣ್ಣಂದಾಜಿನ ಜಾಗಕ್ಕೆ ಥ್ರೆಶೋಲ್ಡ್ ಬಂದಿದೆ.

ಚಿತ್ರ ಪಡೆಯುವುದು

ಎಲೆಗೆ ಕ್ಯಾಮೆರಾಕ್ಕಿಂತ ಮೇಜಿನ ಮೇಲಿನ ಚಪ್ಪಟೆ ಸ್ಕ್ಯಾನರ್ ಒಳ್ಳೆಯದು. ಎಲೆ ಗಾಜಿಗೆ ಅಂಟಿಕೊಂಡೇ ಇರುತ್ತದೆ, ಬೆಳಕು ಎಲ್ಲೆಡೆ ಒಂದೇ ಸಮ, ಚಿತ್ರದ ಮಧ್ಯದಲ್ಲೂ ಮೂಲೆಯಲ್ಲೂ ಪಿಕ್ಸೆಲ್ಲಿನ ಗಾತ್ರ ಬಹುತೇಕ ಒಂದೇ. 300 ಡಿಪಿಐ ಅಂದರೆ ಒಂದು ಇಂಚಿಗೆ 300 ಪಿಕ್ಸೆಲ್. ಒಂದು ಇಂಚು ಕರಾರುವಾಕ್ಕಾಗಿ 25.4 ಮಿ.ಮೀ. ಆದ್ದರಿಂದ ಒಂದು ಪಿಕ್ಸೆಲ್ಲಿನ ಬದಿ 0.08467 ಮಿ.ಮೀ., ವಿಸ್ತೀರ್ಣ 0.0071684 ಚದರ ಮಿ.ಮೀ. ಒಂದು ಚದರ ಸೆಂಟಿಮೀಟರಿನಲ್ಲಿ ಸುಮಾರು 13,950 ಪಿಕ್ಸೆಲ್‌ಗಳು.

ಇಲ್ಲಿ ಮೂರು ಎಚ್ಚರಿಕೆಗಳು ಬೇಕು. ಮೊದಲನೆಯದು, `cv2.imread` ಚಿತ್ರವನ್ನು ಓದುವಾಗ ಕಡತದೊಳಗೆ ಬರೆದಿರುವ ಡಿಪಿಐ ಸಂಖ್ಯೆಯನ್ನು ಚಿತ್ರದ ಜೊತೆ ಕೊಡುವುದಿಲ್ಲ. ಕೈಗೆ ಬರುವುದು ಬರೀ ಪಿಕ್ಸೆಲ್‌ಗಳ ಕೋಷ್ಟಕ. ಸ್ಕೇಲನ್ನು ಬಳಸುವವರೇ ಒದಗಿಸಬೇಕು. ಎರಡನೆಯದು, ಚಿತ್ರವನ್ನು ಜೆಪೆಗ್ ಆಗಿ ಉಳಿಸದೆ ಪಿಎನ್‌ಜಿ ಅಥವಾ ಟಿಫ್ ಆಗಿ ಉಳಿಸಬೇಕು. ಜೆಪೆಗ್ ಕಡತವನ್ನು ಚಿಕ್ಕದಾಗಿಸಲು ಬಣ್ಣದ ವಿವರವನ್ನು ಒರಟಾಗಿಸುತ್ತದೆ, ಅದರ ಪೆಟ್ಟು ಬೀಳುವುದು ನಮಗೆ ಬೇಕಾದ ಅಂಚಿನ ಮೇಲೆಯೇ. ಮೂರನೆಯದು, ಎಲೆಯ ಅಂಚು ಗಾಜಿನಿಂದ ಮೇಲೆದ್ದಿರಬಾರದು. ಈಗಿನ ತೆಳು ಸ್ಕ್ಯಾನರ್‌ಗಳಲ್ಲಿರುವ ಸಂವೇದಕ ಗಾಜಿಗೆ ಅಂಟಿದ್ದನ್ನು ಮಾತ್ರ ಸ್ಪಷ್ಟವಾಗಿ ನೋಡಬಲ್ಲದು. ಒಂದೆರಡು ಮಿಲಿಮೀಟರ್ ಎದ್ದ ಅಂಚೂ ಮಸುಕಾಗುತ್ತದೆ, ಜೊತೆಗೆ ನೆರಳು ಬೀಳುತ್ತದೆ. ಎಲೆಯ ಮೇಲೆ ಬಿಳಿ ಹಾಳೆ ಹರಡಿ, ಸ್ಕ್ಯಾನರಿನ ಮುಚ್ಚಳದ ಮೇಲೆ ಒಂದು ದಪ್ಪ ಪುಸ್ತಕ ಹೇರಿದರೆ ಸಾಕಾಗುತ್ತದೆ. ತೊಟ್ಟನ್ನು ಮೊದಲೇ ಕತ್ತರಿಸಿಬಿಡಬೇಕು. ಅದು ದಪ್ಪವಿರುವುದರಿಂದ ಬುಡದ ಎಲೆಯನ್ನೆಲ್ಲ ಎತ್ತಿಹಿಡಿಯುತ್ತದೆ.

ನೀಲಿ ಪದರ ಮತ್ತು ಓತ್ಸು ಥ್ರೆಶೋಲ್ಡ್

ಬಣ್ಣದ ಚಿತ್ರವನ್ನು ಬೂದು ಚಿತ್ರವಾಗಿಸಿ ಥ್ರೆಶೋಲ್ಡ್ ಹಾಕುವುದು ರೂಢಿ. ಎಲೆಯ ವಿಷಯದಲ್ಲಿ ಅದಕ್ಕಿಂತ ಒಳ್ಳೆಯ ದಾರಿ ಇದೆ. ಬೂದು ಚಿತ್ರದಲ್ಲಿ ಹಸಿರಿನ ಪಾಲೇ ಹೆಚ್ಚು, ಎಲೆ ಹೆಚ್ಚು ಮರಳಿಸುವುದೂ ಹಸಿರನ್ನೇ. ಆದ್ದರಿಂದ ಎಳೆಯ ತಿಳಿಹಸಿರು ಎಲೆ ಬೂದು ಚಿತ್ರದಲ್ಲಿ ಹಿನ್ನೆಲೆಯ ಬಿಳಿಗೆ ಹತ್ತಿರವಾಗುತ್ತದೆ. ನೀಲಿ ಬೆಳಕನ್ನಾದರೋ ಪತ್ರಹರಿತ್ತು ಬಲವಾಗಿ ಹೀರಿಕೊಳ್ಳುತ್ತದೆ. ಚಿತ್ರದ ನೀಲಿ ಪದರವೊಂದನ್ನೇ ತೆಗೆದು ನೋಡಿದರೆ ಎಳೆ ಎಲೆಯೂ ಬಲಿತ ಎಲೆಯೂ ಬಿಳಿ ಹಾಳೆಯ ಮೇಲೆ ಕಡುಗಪ್ಪಾಗಿ ನಿಲ್ಲುತ್ತವೆ. ಓಪನ್‌ಸಿವಿ ಬಣ್ಣಗಳನ್ನು ನೀಲಿ, ಹಸಿರು, ಕೆಂಪು ಎಂಬ ಅನುಕ್ರಮದಲ್ಲಿ ಇಡುವುದರಿಂದ ನೀಲಿ ಪದರದ ಸಂಖ್ಯೆ 0.

ಇನ್ನು ಗಡಿಬೆಲೆ ಎಷ್ಟಿರಬೇಕು? ಪದರದ ಹೊಳಪು 0ಯಿಂದ 255ರವರೆಗೆ. ಯಾವ ಹೊಳಪಿನ ಪಿಕ್ಸೆಲ್‌ಗಳು ಎಷ್ಟಿವೆ ಎಂದು ನಕ್ಷೆ ಬರೆದರೆ ಎರಡು ದಿಬ್ಬಗಳು ಕಾಣುತ್ತವೆ: ಎಲೆಯದು ಎಡಕ್ಕೆ, ಹಾಳೆಯದು ಬಲಕ್ಕೆ. ಜಪಾನಿನ ನೊಬುಯುಕಿ ಓತ್ಸು 1979ರಲ್ಲಿ ಪ್ರಕಟಿಸಿದ ವಿಧಾನ ಪ್ರತಿಯೊಂದು ಗಡಿಬೆಲೆಯನ್ನೂ ಪ್ರಯತ್ನಿಸಿ, ಎರಡು ಗುಂಪುಗಳ ಸರಾಸರಿಗಳು ಗುಂಪಿನ ಗಾತ್ರವನ್ನೂ ಗಣಿಸಿದಾಗ ಪರಸ್ಪರ ಅತ್ಯಂತ ದೂರ ನಿಲ್ಲುವ ಬೆಲೆಯನ್ನು ಆರಿಸುತ್ತದೆ. ಮನುಷ್ಯರ ಕಣ್ಣಿನ ಒಲವು ಅಲ್ಲಿ ಬೆರೆಯುವುದಿಲ್ಲ ಎಂಬುದು ಇದರ ದೊಡ್ಡ ಗುಣ.

```python
import cv2

img = cv2.imread("ele.png")
b = cv2.GaussianBlur(img[:, :, 0], (5, 5), 0)
t, mask = cv2.threshold(b, 0, 255,
          cv2.THRESH_BINARY_INV + cv2.THRESH_OTSU)
n, lab, st, cen = cv2.connectedComponentsWithStats(mask)
print("threshold", t)
for i in range(1, n):
    a = st[i, cv2.CC_STAT_AREA]
    if a > 2000:
        print(i, a)
```

`THRESH_BINARY_INV` ಎಂದರೆ ಕಪ್ಪು ವಸ್ತುವನ್ನು ಬಿಳಿಯಾಗಿ, ಬಿಳಿ ಹಿನ್ನೆಲೆಯನ್ನು ಕಪ್ಪಾಗಿ ತಿರುಗಿಸು ಎಂದು. ನಾವು ಎಣಿಸುವುದು ಬಿಳಿಯನ್ನು.

ಓತ್ಸು ವಿಧಾನದ ಎರಡು ಗುಣಗಳನ್ನು ಬಳಸುವವರು ತಿಳಿದಿರಬೇಕು. ಎರಡು ದಿಬ್ಬಗಳಿರಲಿ ಇಲ್ಲದಿರಲಿ, ಅದು ಯಾವುದೋ ಒಂದು ಬೆಲೆಯನ್ನು ಕೊಟ್ಟೇ ಕೊಡುತ್ತದೆ. ಖಾಲಿ ಹಾಳೆಯನ್ನು ಸ್ಕ್ಯಾನ್ ಮಾಡಿ ಕೊಟ್ಟರೂ ಅದನ್ನು ಎರಡಾಗಿ ಸೀಳಿ, ಕಾಗದದ ನಾರನ್ನೇ ಆಕೃತಿ ಎಂದು ತೋರಿಸುತ್ತದೆ. ಅದಕ್ಕಾಗಿಯೇ ಮೇಲಿನ ಕೋಡಿನಲ್ಲಿ `t` ಅನ್ನು ಮುದ್ರಿಸುವ ಸಾಲಿದೆ. ಎಲೆ 50ರ ಆಸುಪಾಸು, ಹಾಳೆ 240ರ ಆಸುಪಾಸು ಇದ್ದರೆ `t` 130ರಿಂದ 150ರ ನಡುವೆ ಬರಬೇಕು, 225 ಬಂದರೆ ಏನೋ ಕೆಟ್ಟಿದೆ. ಇನ್ನೊಂದು ಗುಣ, ಒಂದು ಗುಂಪು ತೀರಾ ಚಿಕ್ಕದಾದಾಗ ಗಡಿಬೆಲೆ ದೊಡ್ಡ ಗುಂಪಿನ ಕಡೆಗೆ ಜಾರುತ್ತದೆ. ಇಡೀ ಎ4 ಹಾಳೆಯ ಮೂಲೆಯಲ್ಲಿ ಒಂದೇ ಒಂದು ಹುಣಸೆ ಎಲೆ ಇದ್ದರೆ ಹೀಗಾಗಬಹುದು. ಎಲೆಯ ಸುತ್ತಲಿನ ಭಾಗವನ್ನಷ್ಟೇ ಕತ್ತರಿಸಿಕೊಂಡು ಥ್ರೆಶೋಲ್ಡ್ ಹಾಕುವುದು ಅದಕ್ಕೆ ಪರಿಹಾರ.

ಎಣಿಕೆ

`cv2.countNonZero(mask)` ಬಿಳಿ ಪಿಕ್ಸೆಲ್‌ಗಳನ್ನೆಲ್ಲ ಒಟ್ಟಿಗೆ ಎಣಿಸುತ್ತದೆ. ಗಾಜಿನ ಮೇಲಿನ ದೂಳು, ಮಣ್ಣಿನ ಕಣಗಳೂ ಅದರಲ್ಲಿ ಸೇರಿಬಿಡುತ್ತವೆ. `connectedComponentsWithStats` ಒಂದಕ್ಕೊಂದು ತಾಗಿಕೊಂಡ ಪಿಕ್ಸೆಲ್‌ಗಳ ಗುಂಪನ್ನು ಒಂದು ವಸ್ತುವೆಂದು ಗುರುತಿಸಿ, ಪ್ರತಿ ವಸ್ತುವಿನ ಎಣಿಕೆಯನ್ನು ಬೇರೆಯಾಗಿ ಕೊಡುತ್ತದೆ. 0 ಎಂಬುದು ಹಿನ್ನೆಲೆ, ಆದ್ದರಿಂದ ಕೋಡು 1ರಿಂದ ಶುರುವಾಗುತ್ತದೆ. 2,000 ಪಿಕ್ಸೆಲ್‌ಗಿಂತ ಚಿಕ್ಕವನ್ನು, ಅಂದರೆ ಸುಮಾರು 14 ಚದರ ಮಿ.ಮೀ.ಗಿಂತ ಕಡಿಮೆಯವನ್ನು, ಬಿಟ್ಟುಬಿಟ್ಟರೆ ದೂಳು ಹೋಯಿತು.

ದೂಳು ತೆಗೆಯಲು ಹಲವರು `cv2.erode` ಅಥವಾ `MORPH_OPEN` ಬಳಸುತ್ತಾರೆ. ವಿಸ್ತೀರ್ಣದ ಕೆಲಸಕ್ಕೆ ಇವು ಸಲ್ಲವು. 3×3 ಅಳತೆಯ `erode` ಎಲೆಯ ಅಂಚಿನುದ್ದಕ್ಕೂ ಒಂದು ಪಿಕ್ಸೆಲ್ ಪಟ್ಟಿಯನ್ನೇ ತಿಂದುಹಾಕುತ್ತದೆ. `MORPH_OPEN` ತಿಂದದ್ದನ್ನು ಮರಳಿ ತುಂಬುತ್ತದೆಯಾದರೂ ಹಿಪ್ಪುನೇರಳೆಯಂಥ ಗರಗಸದಂಚಿನ ಎಲೆಯಲ್ಲಿ ಹಲ್ಲುಗಳ ತುದಿ ಮರಳಿ ಬರುವುದಿಲ್ಲ. ಅಳೆಯಬೇಕಾದ ವಸ್ತುವನ್ನು ಮುಟ್ಟದೆ ಬೇಡದ ವಸ್ತುವನ್ನಷ್ಟೇ ಬಿಡುವ ಮೇಲಿನ ದಾರಿ ಹೆಚ್ಚು ಪ್ರಾಮಾಣಿಕ.

ಹುಳು ತಿಂದು ಎಲೆಯಲ್ಲಿ ತೂತುಗಳಿದ್ದರೆ ಈ ಎಣಿಕೆಯಲ್ಲಿ ತೂತು ಸೇರುವುದಿಲ್ಲ. `cv2.findContours` ಅನ್ನು `RETR_EXTERNAL` ಜೊತೆ ಬಳಸಿ ಹೊರಗೆರೆಯನ್ನು ಪಡೆದು, ಅದರ ಒಳಗನ್ನೆಲ್ಲ ತುಂಬಿ ಎಣಿಸಿದರೆ ತೂತೂ ಸೇರುತ್ತದೆ. ಎರಡೂ ಸರಿಯಾದ ಉತ್ತರಗಳೇ, ಪ್ರಶ್ನೆ ಬೇರೆ ಅಷ್ಟೆ. ಅವುಗಳ ವ್ಯತ್ಯಾಸವೇ ಹುಳು ತಿಂದ ಜಾಗದ ಅಳತೆ. ಕೀಟಹಾನಿಯನ್ನು ಅಳೆಯಲು ಇದು ಒಳ್ಳೆಯ ದಾರಿ. ಆದರೆ ಅಂಚಿನಿಂದ ಒಳಕ್ಕೆ ತಿಂದುಕೊಂಡು ಹೋದ ಜಾಗ ತೂತಲ್ಲ, ಅದು ಈ ಲೆಕ್ಕಕ್ಕೆ ಸಿಗುವುದಿಲ್ಲ.

ಸ್ಕೇಲು ಮತ್ತು ಅಂಚು: ಒಂದು ಲೆಕ್ಕ

ಚೌಕಗಳನ್ನು ಎಣಿಸುವುದರಿಂದಲೇ ತಪ್ಪು ಬರುವುದಿಲ್ಲವೇ ಎಂಬ ಅನುಮಾನ ಸಹಜ. 27 ಮಿ.ಮೀ. ವ್ಯಾಸದ ಹತ್ತು ರೂಪಾಯಿ ನಾಣ್ಯದಷ್ಟು ದೊಡ್ಡ ವೃತ್ತ 300 ಡಿಪಿಐನಲ್ಲಿ ಸುಮಾರು 79,870 ಪಿಕ್ಸೆಲ್ ಆಗುತ್ತದೆ. ಅಂಚಿನ ಪಿಕ್ಸೆಲ್‌ಗಳಲ್ಲಿ ಕೆಲವು ಒಳಗೆ, ಕೆಲವು ಹೊರಗೆ ಬಿದ್ದು ಒಂದರ ಹೆಚ್ಚನ್ನು ಇನ್ನೊಂದರ ಕಡಿಮೆ ಸರಿದೂಗಿಸುವುದರಿಂದ, ಒಟ್ಟಿನಲ್ಲಿ ಆಗುವ ವ್ಯತ್ಯಾಸ ಸಾಮಾನ್ಯವಾಗಿ ಹತ್ತಿಪ್ಪತ್ತು ಪಿಕ್ಸೆಲ್ ಮಾತ್ರ. ಅದು ಲೆಕ್ಕಕ್ಕಿಡುವಂಥದ್ದಲ್ಲ.

ಸ್ಕೇಲಿನ ತಪ್ಪು ಹಾಗಲ್ಲ. ಉದ್ದದಲ್ಲಿ ಶೇ. 1 ತಪ್ಪಿದರೆ ವಿಸ್ತೀರ್ಣದಲ್ಲಿ ಶೇ. 2 ತಪ್ಪುತ್ತದೆ, ಎಲೆ ದೊಡ್ಡದಿರಲಿ ಚಿಕ್ಕದಿರಲಿ ಅದೇ ಪ್ರಮಾಣ. ಅಂಚಿನ ತಪ್ಪು ಬೇರೆ ರೀತಿಯದು. ಸ್ಕ್ಯಾನರಿನ ಕಣ್ಣಿಗೆ ಅಂಚು ಕತ್ತರಿಸಿದಂತೆ ಕಾಣುವುದಿಲ್ಲ, ಐದಾರು ಪಿಕ್ಸೆಲ್ ಅಗಲದಲ್ಲಿ ಕಪ್ಪು ಬಿಳಿಗೆ ಇಳಿಜಾರಾಗಿ ಏರುತ್ತದೆ. ಆ ಇಳಿಜಾರಿನಲ್ಲಿ ಥ್ರೆಶೋಲ್ಡ್ ಎಲ್ಲಿ ಕಡಿಯುತ್ತದೋ ಅದೇ ಅಂಚು. ಕಡಿತ ಒಂದಿಷ್ಟು ಒಳಗೆ ಸರಿದರೆ ಆಕೃತಿಯ ಸುತ್ತ ಅಷ್ಟೇ ಅಗಲದ ಪಟ್ಟಿ ಕಳೆದುಹೋಗುತ್ತದೆ. ಆ ಪಟ್ಟಿಯ ವಿಸ್ತೀರ್ಣ ಎಂದರೆ ಸುತ್ತಳತೆ ಗುಣಿಸು ಸರಿದ ದೂರ. ಹೀಗೆ ಸ್ಕೇಲಿನ ತಪ್ಪು ವಿಸ್ತೀರ್ಣದ ಜೊತೆ ಬೆಳೆದರೆ, ಅಂಚಿನ ತಪ್ಪು ಸುತ್ತಳತೆಯ ಜೊತೆ ಬೆಳೆಯುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಎಲೆಯ ಪಕ್ಕದಲ್ಲಿ ಕರಿ ಕಾಗದದಿಂದ ಕತ್ತರಿಸಿ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದ 50 ಮಿ.ಮೀ. ಚೌಕವೊಂದನ್ನು ಇಟ್ಟಿದ್ದೇವೆ ಎಂದುಕೊಳ್ಳಿ. ಕೋಡು ಚೌಕಕ್ಕೆ 3,47,900, ಎಲೆಗೆ 12,36,400 ಪಿಕ್ಸೆಲ್ ಎಂದು ತೋರಿಸಿತು. ಡಿಪಿಐಯನ್ನು ನಂಬಿದರೆ ಎಲೆ 12,36,400 × 0.0071684, ಅಂದರೆ 8,863 ಚದರ ಮಿ.ಮೀ. ಚೌಕವನ್ನು ನಂಬಿದರೆ ಒಂದು ಪಿಕ್ಸೆಲ್ 2,500 ÷ 3,47,900 = 0.0071860 ಚದರ ಮಿ.ಮೀ., ಎಲೆ 8,885. ಎರಡಕ್ಕೂ ಸುಮಾರು ಶೇ. 0.24 ಅಂತರ. ಯಾವುದು ಸರಿ?

ಹೆಚ್ಚಿನವರು ಚೌಕವನ್ನು ನಂಬುತ್ತಾರೆ, ಸ್ಕ್ಯಾನರಿನ ಡಿಪಿಐ ತಪ್ಪಿರಬೇಕು ಎಂದುಕೊಳ್ಳುತ್ತಾರೆ. ಆದರೆ ಚೌಕಕ್ಕೂ ಅಂಚಿದೆ. 50 ಮಿ.ಮೀ.ಗೆ 590.55 ಪಿಕ್ಸೆಲ್ ಇರಬೇಕಿತ್ತು, 3,47,900ರ ವರ್ಗಮೂಲ 589.83. ಕೊರತೆ 0.72 ಪಿಕ್ಸೆಲ್. ಸ್ಕ್ಯಾನರ್ ನಿಜವಾಗಿಯೂ ಚಿತ್ರವನ್ನು ಅಷ್ಟು ಕುಗ್ಗಿಸಿರಬಹುದು. ಇಲ್ಲವೇ ಥ್ರೆಶೋಲ್ಡ್ ಎರಡೂ ಬದಿಯಲ್ಲಿ 0.36 ಪಿಕ್ಸೆಲ್‌ನಂತೆ ತಿಂದಿರಬಹುದು. ಒಂದೇ ಚೌಕ ಇದನ್ನು ಹೇಳಲಾರದು.

ಇನ್ನೊಂದು ಚಿಕ್ಕ ಚೌಕ ಹೇಳಬಲ್ಲದು. 20 ಮಿ.ಮೀ. ಚೌಕವನ್ನೂ ಪಕ್ಕದಲ್ಲಿಟ್ಟರೆ, ಸ್ಕೇಲು ತಪ್ಪಿದ್ದ ಪಕ್ಷದಲ್ಲಿ ಅದರ ಎಣಿಕೆ 55,660ರ ಸಮೀಪ ಬರಬೇಕು. ಅಂಚು ತಿಂದಿದ್ದ ಪಕ್ಷದಲ್ಲಿ 55,460. ಎಣಿಕೆ 55,460 ಬಂದಿತು ಎನ್ನೋಣ. ಅದರ ವರ್ಗಮೂಲ 235.50. ದೊಡ್ಡ ಚೌಕದ ಬದಿಯಿಂದ ಚಿಕ್ಕದರ ಬದಿಯನ್ನು ಕಳೆದರೆ 354.33 ಪಿಕ್ಸೆಲ್, ಅದು 30 ಮಿ.ಮೀ.ಗೆ ಸಮ. ಮಿಲಿಮೀಟರಿಗೆ 11.811 ಪಿಕ್ಸೆಲ್, ಅಂದರೆ ಕರಾರುವಾಕ್ಕಾಗಿ 300 ಡಿಪಿಐ. ಕಳೆಯುವಾಗ ಎರಡೂ ಚೌಕಗಳ ಅಂಚಿನ ಕೊರತೆ ಒಂದನ್ನೊಂದು ಹೊಡೆದುಹಾಕುವುದೇ ಇಲ್ಲಿನ ಗುಟ್ಟು. ಉಕ್ಕಿನ ಅಳತೆಪಟ್ಟಿಯನ್ನು ಸ್ಕ್ಯಾನ್ ಮಾಡಿ ಒಂದು ಗೆರೆಯ ಎಡ ಅಂಚಿನಿಂದ ಇನ್ನೊಂದು ಗೆರೆಯ ಎಡ ಅಂಚಿಗೆ ಅಳೆದರೂ ಇದೇ ಲಾಭ ಸಿಗುತ್ತದೆ.

ಹೀಗೆ ಸ್ಕ್ಯಾನರ್ ಸರಿ ಇತ್ತು, ತಪ್ಪಿದ್ದು ಅಂಚು. ಎಲೆಯ ಸುತ್ತಳತೆ 480 ಮಿ.ಮೀ. ಎಂದಿಟ್ಟುಕೊಂಡರೆ ಅದು ಸುಮಾರು 5,670 ಪಿಕ್ಸೆಲ್. 0.36ರಿಂದ ಗುಣಿಸಿದರೆ 2,040 ಪಿಕ್ಸೆಲ್ ಕಳೆದುಹೋಗಿವೆ. ಅದನ್ನು ಸೇರಿಸಿ ಗುಣಿಸಿದರೆ 8,878 ಚದರ ಮಿ.ಮೀ., ಅಂದರೆ 88.8 ಚದರ ಸೆಂ.ಮೀ. ಮೊದಲ ಎರಡು ಉತ್ತರಗಳೂ ಇದರ ಎರಡು ಬದಿಗೆ ಬಿದ್ದಿದ್ದವು. ಡಿಪಿಐ ನಂಬಿದ ಉತ್ತರ ಅಂಚಿನ ಕೊರತೆಯನ್ನು ತುಂಬಿಕೊಡಲಿಲ್ಲ. ಒಂದು ಚೌಕವನ್ನು ನಂಬಿದ ಉತ್ತರ ಅತಿಯಾಗಿ ತುಂಬಿತು, ಏಕೆಂದರೆ ತನ್ನ ವಿಸ್ತೀರ್ಣಕ್ಕೆ ಹೋಲಿಸಿದರೆ ಚೌಕದ ಸುತ್ತಳತೆ ಎಲೆಯದಕ್ಕಿಂತ ಹೆಚ್ಚು.

ದೊಡ್ಡ ಎಲೆಯಲ್ಲಿ ಈ ತಿದ್ದುಪಡಿ ಚಿಕ್ಕದು. ಹುಣಸೆಯ ಒಂದು ಎಸಳಿನಲ್ಲಿ ಹಾಗಲ್ಲ. 50 ಚದರ ಮಿ.ಮೀ. ವಿಸ್ತೀರ್ಣ, 30 ಮಿ.ಮೀ. ಸುತ್ತಳತೆ ಇರುವ ಎಸಳಿನಲ್ಲಿ ಅದೇ 0.36 ಪಿಕ್ಸೆಲ್ ಸುಮಾರು 0.9 ಚದರ ಮಿ.ಮೀ. ತಿನ್ನುತ್ತದೆ, ಅಂದರೆ ಶೇ. 1.8. ಚಿಕ್ಕ, ಸಪೂರ, ಸೀಳು ಎಲೆಗಳನ್ನು ಅಳೆಯುವವರು ಅಂಚಿನ ಲೆಕ್ಕವನ್ನು ಬಿಡುವಂತಿಲ್ಲ. 600 ಡಿಪಿಐಗೆ ಏರಿದರೆ ತೊಂದರೆ ಅರ್ಧಕ್ಕಿಳಿಯುತ್ತದೆ ಎಂದು ಭರವಸೆಯಿಂದ ಹೇಳುವಂತೆಯೂ ಇಲ್ಲ. ಪಿಕ್ಸೆಲ್ ಚಿಕ್ಕದಾದರೂ ಮಸೂರದ ಮಸುಕು ಮಿಲಿಮೀಟರಿನಲ್ಲಿ ಅಷ್ಟೇ ಉಳಿದಿರಬಹುದು. ಸ್ಕ್ಯಾನರ್ ಲೆಕ್ಕ ಹಾಕಿ ತುಂಬಿಕೊಡುವ, ತಂತ್ರಾಂಶದಿಂದ ಹಿಗ್ಗಿಸಿದ ಡಿಪಿಐಯಂತೂ ಏನನ್ನೂ ಸೇರಿಸುವುದಿಲ್ಲ.

ಈ ಲೆಕ್ಕದಲ್ಲಿ ಒಂದು ಊಹೆ ಅಡಗಿದೆ: ಚೌಕದ ಅಂಚನ್ನು ತಿಂದಷ್ಟೇ ಥ್ರೆಶೋಲ್ಡ್ ಎಲೆಯ ಅಂಚನ್ನೂ ತಿಂದಿದೆ ಎಂಬುದು. ಅಂಚು ನಿಜವಾಗಿ ಇರುವುದು ಎರಡು ಹೊಳಪುಗಳ ಸರಿಮಧ್ಯದಲ್ಲಿ. ಹಾಳೆ 240, ಎಲೆ 50 ಆದರೆ ಮಧ್ಯ 145. ಕರಿ ಕಾಗದ 20 ಆದರೆ ಮಧ್ಯ 130. ಒಂದೇ ಗಡಿಬೆಲೆ ಎರಡಕ್ಕೂ ಸರಿಹೊಂದದು. ಆದ್ದರಿಂದ ಚೌಕವನ್ನು ನೀಲಿ ಪದರದಲ್ಲಿ ಎಲೆಯಷ್ಟೇ ಕಪ್ಪಾಗಿ ಕಾಣುವ ಕಡುಹಸಿರು ಕಾಗದದಿಂದ ಕತ್ತರಿಸುವುದು ಮೇಲು. ನಾಣ್ಯ ಇದಕ್ಕೆ ಒಳ್ಳೆಯ ಆಯ್ಕೆಯಲ್ಲ. ಅದರ ಲೋಹ ಬೆಳಕನ್ನು ಮರಳಿಸಿ ಅಂಚಿನಲ್ಲೇ ಬಿಳಿಯಾಗುತ್ತದೆ, ದಪ್ಪ ಇರುವುದರಿಂದ ಬದಿಗೆ ನೆರಳೂ ಬೀಳುತ್ತದೆ. ಪ್ರಿಂಟರಿನಲ್ಲಿ ಮುದ್ರಿಸಿದ ಚೌಕವನ್ನು ಅಳೆಯದೆ ನಂಬುವುದೂ ಸಲ್ಲದು, ಪುಟಕ್ಕೆ ಹೊಂದಿಸುವಾಗ ಪ್ರಿಂಟರ್ ಅದನ್ನು ಕುಗ್ಗಿಸಿರುವ ಸಾಧ್ಯತೆ ಇದೆ.

ಸ್ಕ್ಯಾನರಿನ ಎರಡು ದಿಕ್ಕುಗಳನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಅಡ್ಡ ದಿಕ್ಕಿನಲ್ಲಿ ಸ್ಕೇಲನ್ನು ನಿರ್ಧರಿಸುವುದು ಸಂವೇದಕದ ಕಣಗಳ ಅಂತರ, ಉದ್ದ ದಿಕ್ಕಿನಲ್ಲಿ ಅದನ್ನು ಎಳೆದೊಯ್ಯುವ ಮೋಟಾರಿನ ಹೆಜ್ಜೆ. ಇವು ಒಂದೇ ಆಗಿರಬೇಕೆಂದಿಲ್ಲ. ಬೇರೆಯಾಗಿದ್ದರೆ ಪಿಕ್ಸೆಲ್ಲಿನ ವಿಸ್ತೀರ್ಣ ಅಡ್ಡದ ಬದಿ ಗುಣಿಸು ಉದ್ದದ ಬದಿ ಆಗುತ್ತದೆ.

ಎಣಿಕೆಯೂ `contourArea`ಯೂ

ಓಪನ್‌ಸಿವಿಯಲ್ಲಿ ವಿಸ್ತೀರ್ಣ ಕೊಡುವ ಇನ್ನೊಂದು ಕಾರ್ಯ `cv2.contourArea`. ಅದು ಪಿಕ್ಸೆಲ್ ಎಣಿಸುವುದಿಲ್ಲ. ಅಂಚಿನ ಪಿಕ್ಸೆಲ್‌ಗಳ ಕೇಂದ್ರಗಳನ್ನು ಸೇರಿಸಿದ ಬಹುಭುಜದ ವಿಸ್ತೀರ್ಣವನ್ನು ಗ್ರೀನ್ ಪ್ರಮೇಯದಿಂದ ಲೆಕ್ಕ ಹಾಕುತ್ತದೆ. ಗೆರೆ ಪಿಕ್ಸೆಲ್ಲಿನ ಮಧ್ಯದಲ್ಲಿ ಹಾಯುವುದರಿಂದ ಅಂಚಿನ ಪಿಕ್ಸೆಲ್‌ಗಳ ಹೊರ ಅರ್ಧ ಬಿಟ್ಟುಹೋಗುತ್ತದೆ. 3×3 ಪಿಕ್ಸೆಲ್‌ಗಳ ಚೌಕವನ್ನು ಎಣಿಸಿದರೆ 9, `contourArea` ಕೇಳಿದರೆ 4.

ಈ ಅಂತರವನ್ನು ಕರಾರುವಾಕ್ಕಾಗಿ ಹೇಳುವ ಸುಂದರ ಪ್ರಮೇಯವೊಂದಿದೆ. ಆಸ್ಟ್ರಿಯಾದ ಗಣಿತಜ್ಞ ಗೇಯೋರ್ಗ್ ಪಿಕ್ 1899ರಲ್ಲಿ ಪ್ರಕಟಿಸಿದ ಅದರ ಪ್ರಕಾರ, ಚೌಕಳಿಯ ಬಿಂದುಗಳನ್ನು ಸೇರಿಸಿ ಎಳೆದ ಬಹುಭುಜದ ವಿಸ್ತೀರ್ಣ `A = I + B/2 - 1`. ಇಲ್ಲಿ `I` ಒಳಗಿನ ಬಿಂದುಗಳು, `B` ಅಂಚಿನ ಮೇಲಿನವು. 3×3 ಚೌಕದಲ್ಲಿ ಒಳಗೆ 1, ಅಂಚಿನಲ್ಲಿ 8, ಆದ್ದರಿಂದ 1 + 4 − 1 = 4. ಪಿಕ್ಸೆಲ್ ಎಣಿಕೆ `I + B`. ಹಾಗಾಗಿ ತೂತಿಲ್ಲದ, ಎಲ್ಲೂ ಒಂದೇ ಪಿಕ್ಸೆಲ್ ಅಗಲಕ್ಕೆ ಸೊರಗದ ಆಕೃತಿಯಲ್ಲಿ `contourArea` ಎಣಿಕೆಗಿಂತ `B/2 + 1` ಕಡಿಮೆ ಬರುತ್ತದೆ. ಅಂಚಿನಲ್ಲಿ 5,000 ಪಿಕ್ಸೆಲ್ ಇರುವ ನಮ್ಮ ಹಿಪ್ಪುನೇರಳೆ ಎಲೆಯಲ್ಲಿ ಅದು 2,501 ಪಿಕ್ಸೆಲ್, ಶೇ. 0.2. ಹುಣಸೆ ಎಸಳಿನಲ್ಲಿ ಶೇ. 2 ದಾಟುತ್ತದೆ. ಇದು ಅರ್ಧ ಪಿಕ್ಸೆಲ್ ಅಂಚಿನ ತಪ್ಪಿನಂತೆಯೇ ವರ್ತಿಸುತ್ತದೆ. ಎಲೆಯನ್ನು ಒಂದು ಕಾರ್ಯದಿಂದ, ಚೌಕವನ್ನು ಇನ್ನೊಂದರಿಂದ ಅಳೆಯುವುದು ಮಾತ್ರ ಎಂದಿಗೂ ಆಗಬಾರದು.

ಸುತ್ತಳತೆಗೆ ಬಳಸುವ `cv2.arcLength` ಬಗ್ಗೆಯೂ ಒಂದು ಮಾತು. ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಮೆಟ್ಟಿಲಿನಂತೆ ಹೋಗುವ ಗೆರೆ ನಿಜವಾದ ಓರೆ ಅಂಚಿಗಿಂತ ಉದ್ದ, ಕೆಲವು ಕೋನಗಳಲ್ಲಿ ಶೇ. 8ರಷ್ಟು. ವಿಸ್ತೀರ್ಣಕ್ಕೆ ಈ ದೋಷವಿಲ್ಲ. ಅಂಚಿನ ತಿದ್ದುಪಡಿಯೇ ಚಿಕ್ಕದಾದ್ದರಿಂದ ಸುತ್ತಳತೆಯಲ್ಲಿ ಇಷ್ಟು ಹೆಚ್ಚು ಬಂದರೂ ನಡೆಯುತ್ತದೆ.

ತಪ್ಪನ್ನು ಪತ್ತೆ ಹಚ್ಚುವುದು

ಅತ್ಯಂತ ಉಪಯುಕ್ತ ಪರೀಕ್ಷೆ ಎರಡು ನಿಮಿಷದ್ದು. ಓತ್ಸು ಕೊಟ್ಟ ಬೆಲೆಗಿಂತ 10 ಕಡಿಮೆ, 10 ಹೆಚ್ಚು ಇಟ್ಟು ಮತ್ತೆ ಎಣಿಸಿ. ನಮ್ಮ ಎಲೆಯಲ್ಲಿ 12,34,900 ಮತ್ತು 12,38,100 ಬಂದರೆ ನಡುವಿನ ಅಂತರ 3,200 ಪಿಕ್ಸೆಲ್. ಸುತ್ತಳತೆಯಾದ 5,670ರಿಂದ ಭಾಗಿಸಿದರೆ 0.56, ಅಂದರೆ ಗಡಿಬೆಲೆಯನ್ನು 20 ಹೆಜ್ಜೆ ಸರಿಸಿದಾಗ ಅಂಚು ಅರ್ಧ ಪಿಕ್ಸೆಲ್‌ಗಿಂತ ತುಸು ಹೆಚ್ಚು ಸರಿದಿದೆ. ಇದು ಆರೋಗ್ಯಕರ ಅಂಚು. ಅದರ ಬದಲು ಐದಾರು ಪಿಕ್ಸೆಲ್ ಸರಿದಿದ್ದರೆ ಎಲೆಯ ಸುತ್ತ ನೆರಳಿದೆ, ಇಲ್ಲವೇ ಅಂಚು ಗಾಜಿನಿಂದ ಮೇಲೆದ್ದಿದೆ. ಆಗ ಯಾವ ಗಡಿಬೆಲೆಯೂ ನಂಬಿಕೆಗೆ ಅರ್ಹವಲ್ಲ, ಮತ್ತೆ ಸ್ಕ್ಯಾನ್ ಮಾಡುವುದೇ ದಾರಿ.

ನೆರಳು ಬಣ್ಣವಿಲ್ಲದ ಬೂದು, ಎಲೆ ಗಾಢ ಬಣ್ಣದ್ದು. ಹಾಗಾಗಿ ನೆರಳು ತಪ್ಪಿಸಲಾಗದ ಕಡೆ ಚಿತ್ರವನ್ನು `cv2.COLOR_BGR2HSV` ಮೂಲಕ ತಿರುಗಿಸಿ ಬಣ್ಣದ ಗಾಢತೆಯ ಪದರವನ್ನು ಬಳಸಬಹುದು. ಒಣಗಿ ಕಂದಾದ ಅಂಚು ಅಥವಾ ಕಪ್ಪು ಕಲೆ ಇರುವ ಎಲೆಯಲ್ಲಿ ಆ ಪದರವೂ ಕೈಕೊಡುತ್ತದೆ, ಕತ್ತಲ ಪಿಕ್ಸೆಲ್‌ಗಳಲ್ಲಿ ಗಾಢತೆಯ ಸಂಖ್ಯೆ ಸ್ಥಿರವಾಗಿರುವುದಿಲ್ಲ.

ಇನ್ನೊಂದು ಪರೀಕ್ಷೆ ಎಲೆಯನ್ನು ತೊಂಬತ್ತು ಡಿಗ್ರಿ ತಿರುಗಿಸಿ, ಬೇರೆ ಮೂಲೆಯಲ್ಲಿಟ್ಟು ಮತ್ತೆ ಅಳೆಯುವುದು. ಗಾಜಿನ ಒಂದು ಬದಿಯಲ್ಲಿ ಬೆಳಕು ಕುಂದಿದ್ದರೆ, ನೆರಳು ಒಂದೇ ಕಡೆ ಬೀಳುತ್ತಿದ್ದರೆ ಅದು ಇಲ್ಲಿ ಬಯಲಾಗುತ್ತದೆ. ಎಲ್ಲಕ್ಕಿಂತ ಮೊದಲು, `mask` ಚಿತ್ರವನ್ನು `cv2.imwrite` ಮೂಲಕ ಉಳಿಸಿ ಕಣ್ಣಿನಿಂದ ನೋಡಬೇಕು. ನಡುನರದ ಮೇಲೆ ಬೆಳಕು ಹೊಳೆದು ಎಲೆ ಎರಡು ತುಂಡಾಗಿ ಕಂಡಿದ್ದರೆ, ಎರಡು ಎಲೆಗಳು ತಾಗಿ ಒಂದಾಗಿದ್ದರೆ ಸಂಖ್ಯೆ ಅದನ್ನು ಹೇಳುವುದಿಲ್ಲ, ಚಿತ್ರ ಹೇಳುತ್ತದೆ.

ಕ್ಯಾಮೆರಾದಲ್ಲಿ

ಹೊಲದಲ್ಲಿ, ಗಿಡದಿಂದ ಕೀಳದೆ ಅಳೆಯಬೇಕಾದಾಗ ಮೊಬೈಲ್ ಕ್ಯಾಮೆರಾ ಬೇಕಾಗುತ್ತದೆ. ಆಗ ಸ್ಕೇಲಿನ ತಪ್ಪೇ ಮುಂದೆ ಬರುತ್ತದೆ. ಕ್ಯಾಮೆರಾ ಓರೆಯಾದರೆ ಹತ್ತಿರದ ಅಂಚಿನ ಪಿಕ್ಸೆಲ್ ಚಿಕ್ಕ ಜಾಗವನ್ನೂ ದೂರದ ಅಂಚಿನ ಪಿಕ್ಸೆಲ್ ದೊಡ್ಡ ಜಾಗವನ್ನೂ ಪ್ರತಿನಿಧಿಸುತ್ತವೆ, ಒಂದೇ ಸಂಖ್ಯೆಯಿಂದ ಗುಣಿಸುವುದಕ್ಕೆ ಅರ್ಥವೇ ಉಳಿಯುವುದಿಲ್ಲ. ಅಳತೆ ಗೊತ್ತಿರುವ ಆಯತದ ಹಲಗೆಯ ಮೇಲೆ ಎಲೆಯನ್ನು ಒತ್ತಿ ಹಿಡಿದು, ಆಯತದ ನಾಲ್ಕು ಮೂಲೆಗಳನ್ನು `cv2.getPerspectiveTransform`ಗೆ ಕೊಟ್ಟು, `cv2.warpPerspective`ನಿಂದ ಚಿತ್ರವನ್ನು ನೇರ ಮಾಡಿಕೊಂಡ ಮೇಲೆಯೇ ಎಣಿಸಬೇಕು.

ಅದು ಓರೆಯನ್ನು ಸರಿಪಡಿಸುತ್ತದೆ, ಎತ್ತರವನ್ನಲ್ಲ. ಕ್ಯಾಮೆರಾ 300 ಮಿ.ಮೀ. ಮೇಲಿದ್ದು, ಎಲೆ ಹಲಗೆಯಿಂದ 3 ಮಿ.ಮೀ. ಎದ್ದಿದ್ದರೆ ಅದು ಶೇ. 1 ದೊಡ್ಡದಾಗಿ ಕಾಣುತ್ತದೆ, ವಿಸ್ತೀರ್ಣ ಶೇ. 2 ಹೆಚ್ಚು ಬರುತ್ತದೆ. ಒಂದು ಮೀಟರ್ ದೂರದಿಂದ ಹಿಗ್ಗಿಸಿ ತೆಗೆದರೆ ಅದೇ 3 ಮಿ.ಮೀ. ಶೇ. 0.6ಕ್ಕೆ ಇಳಿಯುತ್ತದೆ. ದೂರದಿಂದ ತೆಗೆಯುವುದು ಇಲ್ಲಿ ಯಾವ ತಂತ್ರಾಂಶಕ್ಕಿಂತಲೂ ಒಳ್ಳೆಯ ಚಿಕಿತ್ಸೆ.

ಮಿತಿಗಳು

ಈ ವಿಧಾನ ಅಳೆಯುವುದು ಆಕೃತಿಯ ಚಪ್ಪಟೆ ನೆರಳನ್ನು. ಸುರುಟಿದ ಎಲೆಯಲ್ಲಿ, ಒಂದರ ಮೇಲೊಂದು ಬಿದ್ದ ಎಸಳುಗಳಲ್ಲಿ ಅಡಗಿದ ಭಾಗ ಎಣಿಕೆಗೆ ಬರುವುದಿಲ್ಲ. ಹುಣಸೆ, ನುಗ್ಗೆಯಂಥ ಸಂಯುಕ್ತ ಎಲೆಗಳನ್ನು ಎಸಳು ಎಸಳಾಗಿ ಬಿಡಿಸಿ ಹರಡಬೇಕು. ಕಿತ್ತ ಎಲೆ ಬಾಡುತ್ತಾ ಹೋದಂತೆ ಕುಗ್ಗುತ್ತದೆ, ಬೇಸಿಗೆಯ ಮಧ್ಯಾಹ್ನ ಇದು ಬೇಗ ಆಗುತ್ತದೆ. ಅದಕ್ಕೆ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು ತಂದು, ಸ್ಕ್ಯಾನ್ ಮಾಡುವ ಹೊತ್ತಿಗೆ ಮೇಲಿನ ನೀರನ್ನು ಒರೆಸುತ್ತಾರೆ. ಗಾಜಿನ ಮೇಲೆ ಉಳಿದ ನೀರಿನ ಹನಿ ಎಲೆಯ ಅಂಚಿಗೆ ತಾಗಿದ್ದರೆ ಅದರ ಕಪ್ಪು ಅಂಚೂ ಎಲೆಯ ಲೆಕ್ಕಕ್ಕೇ ಸೇರುತ್ತದೆ.